ಪ್ರಾಜೆಕ್ಟ್, ರಿಟೇನರ್, ಗಂಟೆ ಲೆಕ್ಕ: ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮುಂಚೆ ಡಿಸೈನ್ ದರ ಹೇಗೆ ಕಟ್ಟೋದು?

ಗೆರೆಬಣ್ಣ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ಒಬ್ಬಳೇ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿನದು ಸಣ್ಣ ಆಹಾರ ಕಂಪನಿಗಳ ಪ್ಯಾಕೇಜಿಂಗ್, ಲೋಗೋ, ಸೋಷಿಯಲ್ ಮೀಡಿಯಾ ಪೋಸ್ಟ್‌ಗಳು. ಈಗ ಬರುವ ಕೆಲಸ ಒಬ್ಬಳಿಗೆ ಆಗುತ್ತಿಲ್ಲ. ಒಂದು ಸಣ್ಣ ಆಫೀಸ್ ಹಿಡಿದು ಇಬ್ಬರು ಡಿಸೈನರ್‌ಗಳನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಯೋಚನೆ ಇದೆ.

ನನಗೆ ಮೂರು ದಾರಿಯಲ್ಲಿ ಹಣ ಬರುತ್ತಿದೆ. ಒಂದು ಮಸಾಲೆ ಪುಡಿ ಕಂಪನಿ ತಿಂಗಳಿಗೆ 45,000 ರಿಟೇನರ್ ಕೊಡುತ್ತದೆ. ಕರಾರಿನಲ್ಲಿ ‘ಡಿಸೈನ್ ಸಪೋರ್ಟ್’ ಅಂತ ಮಾತ್ರ ಇದೆ, ಏನೇನು ಅಂತ ಬರೆದಿಲ್ಲ. ಎರಡನೆಯದು ಪ್ರಾಜೆಕ್ಟ್. ಈಗಷ್ಟೇ ಒಂದು ಉಪ್ಪಿನಕಾಯಿ ಬ್ರ್ಯಾಂಡ್‌ಗೆ 12 ಪೌಚ್ ಮಾಡಿಕೊಟ್ಟೆ, ಒಟ್ಟು 1,20,000. ಮೂರನೆಯದು ವಿದೇಶದ ಒಂದು ಸಾಫ್ಟ್‌ವೇರ್ ಕಂಪನಿ. ಗಂಟೆಗೆ 20 ಡಾಲರ್. ಒಂದು ತಿಂಗಳು 10 ಗಂಟೆ ಕೆಲಸ ಇರುತ್ತದೆ, ಇನ್ನೊಂದು ತಿಂಗಳು 40.

ಸಂಬಳ ಕೊಡುವ ಜವಾಬ್ದಾರಿ ಬಂದಮೇಲೆ ಈ ಮೂರರಲ್ಲಿ ಯಾವುದನ್ನು ಬೆಳೆಸಬೇಕು? ರಿಟೇನರ್ ಜಾಸ್ತಿ ಮಾಡಿಕೊಂಡರೆ ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಬರುತ್ತಿಲ್ಲ.

ಬ್ರ್ಯಾಂಡ್‌ಮಾತು

ಮೇಡಂ, ಗಂಟೆ ಲೆಕ್ಕವನ್ನು ಮೊದಲು ಬಿಡಿ. ಕೈ ಪಳಗಿದಷ್ಟೂ ಕೆಲಸ ಬೇಗ ಮುಗಿಯುತ್ತದೆ, ಬೇಗ ಮುಗಿದಷ್ಟೂ ಬಿಲ್ ಕಡಿಮೆ ಆಗುತ್ತದೆ. ಇದು ಯಾವ ನ್ಯಾಯ? ಆ ಉಪ್ಪಿನಕಾಯಿ ಕಂಪನಿಗೆ ನಿಮ್ಮ ಪೌಚ್‌ನಿಂದ ಎಷ್ಟು ವ್ಯಾಪಾರ ಬರುತ್ತದೋ ಅದರ ಮೇಲೆ ದರ ಹೇಳಿ. 12 ಪೌಚ್‌ಗೆ 1,20,000 ತುಂಬಾ ಕಡಿಮೆ. ನಾನಾಗಿದ್ದರೆ 3 ಲಕ್ಷ ಕೇಳುತ್ತಿದ್ದೆ.

ಹಳೇಸ್ಟುಡಿಯೋ, ಬೆಂಗಳೂರು

ಮೂರರಲ್ಲಿ ಯಾವುದು ಅಂತ ಆಮೇಲೆ ನೋಡೋಣ. ಮೊದಲು ಎರಡು ವಿಷಯ ಬೇಕು. ಇಬ್ಬರನ್ನು ಇಟ್ಟುಕೊಂಡರೆ ತಿಂಗಳಿಗೆ ಒಟ್ಟು ಖರ್ಚು ಎಷ್ಟು? ಅದರಲ್ಲಿ ನಿಮ್ಮ ಸಂಬಳವೂ ಸೇರಿರಲಿ. ಎರಡನೆಯದು, ಈಗಿನ ಮೂರು ಕೆಲಸಗಳಿಗೆ ನಿಜವಾಗಿ ಎಷ್ಟು ಗಂಟೆ ಹೋಯಿತು? ಬರೆದಿಟ್ಟಿಲ್ಲದಿದ್ದರೆ ಫೈಲ್‌ಗಳ ತಾರೀಕು, ವಾಟ್ಸಾಪ್ ಮಾತುಕತೆ, ಕಾಲ್ ಲಾಗ್ ನೋಡಿ ಹತ್ತಿರದ ಅಂದಾಜು ಮಾಡಿ. ಇವೆರಡು ಸಿಗದೆ ಯಾರು ಏನೇ ದರ ಹೇಳಿದರೂ ಅದು ಅವರ ಊರಿನ ದರ, ನಿಮ್ಮದಲ್ಲ.

ಹೊಸಕುಂಚ, ತುಮಕೂರು

ನಾನು ಮದುವೆ ಕಾರ್ಡ್, ನಾಮಕರಣದ ಇನ್ವಿಟೇಶನ್, ಇನ್‌ಸ್ಟಾಗ್ರಾಂ ಪೋಸ್ಟ್ ಮಾಡುತ್ತೇನೆ. ಒಂದು ಪೋಸ್ಟ್‌ಗೆ 300 ತಗೊಳ್ತೀನಿ. ಅದು ಕಡಿಮೆನಾ? ತಿಂಗಳಿಗೆ 30 ಪೋಸ್ಟ್ ಅಂತ ಒಬ್ಬರು 6,000ಕ್ಕೆ ಕೇಳುತ್ತಿದ್ದಾರೆ. ಅದನ್ನೂ ರಿಟೇನರ್ ಅಂತಲೇ ಕರೀತಾರಾ?

ಹಳೇಸ್ಟುಡಿಯೋ, ಬೆಂಗಳೂರು

@ಹೊಸಕುಂಚ ತಿಂಗಳಿಗೆ ಇಷ್ಟೇ ಪೋಸ್ಟ್ ಅಂತ ಎಣಿಸಿ ಕೊಡುವುದಾದರೆ ಅದು ಸಗಟು ದರದ ಮಾತು. ಅವರು ಒಂದಕ್ಕೆ 200 ಕೊಡುತ್ತಿದ್ದಾರೆ ಅಷ್ಟೇ. ಒಂದು ಪೋಸ್ಟ್‌ಗೆ ತಿದ್ದುಪಡಿ ಸೇರಿ ನಿಮಗೆ ಎಷ್ಟು ಹೊತ್ತು ಬೇಕು ನೋಡಿ. ಒಂದೇ ಟೆಂಪ್ಲೇಟ್ ಬಳಸಿ 20 ನಿಮಿಷದಲ್ಲಿ ಮುಗಿದರೆ ಒಪ್ಪಿಕೊಳ್ಳಬಹುದು. ಪ್ರತಿಯೊಂದೂ ಹೊಸದಾಗಿ ಬೇಕು ಅಂದರೆ ಬೇಡ.

ಗೆರೆಬಣ್ಣ, ಮೈಸೂರು

ಕೂತು ಲೆಕ್ಕ ಹಾಕಿದೆ. ತಿಂಗಳ ಅಂದಾಜು ಹೀಗಿದೆ. ಸ್ವಲ್ಪ ಅನುಭವ ಇರುವ ಒಬ್ಬ ಡಿಸೈನರ್‌ಗೆ 35,000, ಹೊಸಬರಿಗೆ 25,000, ನನಗೆ 70,000. ಬಾಡಿಗೆ, ಕರೆಂಟ್, ಇಂಟರ್ನೆಟ್ 18,000. ಸಾಫ್ಟ್‌ವೇರ್, ಫಾಂಟ್ ಲೈಸೆನ್ಸ್, ಸ್ಟಾಕ್ ಫೋಟೋ 12,000. ಮೂರು ಲ್ಯಾಪ್‌ಟಾಪ್ ಬೆಲೆಯನ್ನು ಮೂರು ವರ್ಷಕ್ಕೆ ಹಂಚಿದರೆ 7,000. ಹಬ್ಬದ ಬೋನಸ್, ಆಕಸ್ಮಿಕ ಖರ್ಚು 8,000. ಅಕೌಂಟೆಂಟ್‌ಗೆ 5,000. ಒಟ್ಟು 1,80,000.

ಗಂಟೆಗಳನ್ನು ಹುಡುಕುವುದಕ್ಕೆ ಇನ್ನೆರಡು ದಿನ ಕೊಡಿ.

ಹಳೇಸ್ಟುಡಿಯೋ, ಬೆಂಗಳೂರು

ಚೆನ್ನಾಗಿ ಬರೆದಿದ್ದೀರಿ. ನಿಮ್ಮ ಸಂಬಳ ಸೇರಿಸಿದ್ದು ಮುಖ್ಯ. ನಾಳೆ ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬೇಕಾದರೆ ಆ ಹಣ ಬೇಕೇ ಬೇಕು.

ಈಗ ಗಂಟೆಗಳ ಕಡೆ ಬನ್ನಿ. ರಜೆ, ಹಬ್ಬ ಕಳೆದರೆ ಒಬ್ಬರಿಗೆ ತಿಂಗಳಿಗೆ ಸರಾಸರಿ 20 ದಿನ, ಅಂದರೆ 160 ಗಂಟೆ ಸಿಗುತ್ತದೆ. ಅಷ್ಟೂ ಬಿಲ್ ಆಗುವ ಗಂಟೆ ಅಂತ ಹೊಸದಾಗಿ ಸ್ಟುಡಿಯೋ ಶುರು ಮಾಡುವವರು ಲೆಕ್ಕ ಹಾಕುತ್ತಾರೆ. ಹಾಗೆ ಎಂದೂ ಆಗುವುದಿಲ್ಲ. ಮೀಟಿಂಗ್, ಫೈಲ್ ಹುಡುಕಾಟ, ಕಲಿಕೆ, ಕೈಬಿಟ್ಟ ಐಡಿಯಾ, ಕ್ಲೈಂಟ್ ಉತ್ತರಕ್ಕೆ ಕಾಯುವುದು ಎಲ್ಲ ಕಳೆದರೆ ಒಬ್ಬ ಡಿಸೈನರ್‌ನಿಂದ 105-110 ಗಂಟೆ ಬಂದರೆ ಒಳ್ಳೆಯದು. ನಿಮ್ಮಿಂದ 50 ಬಂದರೆ ಹೆಚ್ಚು. ಇನ್ನು ಮೇಲೆ ನೀವು ಕೊಟೇಶನ್ ಬರೆಯುತ್ತೀರಿ, ಅವರ ಕೆಲಸ ನೋಡಿ ತಿದ್ದುತ್ತೀರಿ, ಬಾಕಿ ಹಣಕ್ಕೆ ಫೋನ್ ಮಾಡುತ್ತೀರಿ. 110, 110, 50 ಸೇರಿದರೆ 270 ಗಂಟೆ. 1,80,000ವನ್ನು 270ರಿಂದ ಭಾಗಿಸಿದರೆ ಒಂದು ಗಂಟೆಯ ಅಸಲು ಸುಮಾರು 667 ರೂಪಾಯಿ. ನಾಲ್ಕನೇ ಒಂದು ಭಾಗ ಲಾಭ ಉಳಿಯಬೇಕಾದರೆ 890 ಆಗುತ್ತದೆ. 900 ಅಂತಲೇ ಇಟ್ಟುಕೊಳ್ಳಿ.

ಇದು ಎಲ್ಲರೂ ಕೆಲಸಕ್ಕೆ ಹೊಂದಿಕೊಂಡ ಮೇಲಿನ ಮಾತು. ಮೊದಲ ಮೂರು ತಿಂಗಳು ಹೊಸಬರಿಂದ ತಲಾ 60 ಗಂಟೆ ಬಂದರೆ ಹೆಚ್ಚು. ಅವರಿಗೆ ಕಲಿಸುವುದರಲ್ಲಿ ನಿಮ್ಮದೂ 40ಕ್ಕೆ ಇಳಿಯುತ್ತದೆ. ಆಗ 160 ಗಂಟೆ. ಖರ್ಚು ಅಷ್ಟೇ ಇರುತ್ತದೆ, ಗಂಟೆಯ ಅಸಲು 1,125ಕ್ಕೆ ಏರುತ್ತದೆ. ಇದನ್ನು ಯಾವ ಕ್ಲೈಂಟ್ ಹತ್ತಿರವೂ ವಸೂಲಿ ಮಾಡಲಾಗುವುದಿಲ್ಲ, ನಿಮ್ಮ ಉಳಿತಾಯದಿಂದಲೇ ಹೋಗಬೇಕು. ಕೆಲಸ ಇದ್ದೂ ಬಾಗಿಲು ಮುಚ್ಚಿದ ಸಣ್ಣ ಸ್ಟುಡಿಯೋಗಳನ್ನು ನಾನು ನೋಡಿದ್ದೇನೆ. ಹೆಚ್ಚಿನವು ಈ ಹಂತದಲ್ಲೇ ಮುಚ್ಚಿದವು.

ಈ 667, 900 ಎರಡೂ ನಿಮ್ಮ ಒಳಗಿನ ಅಂಕಿಗಳು. ಕ್ಲೈಂಟ್‌ಗೆ ಹೇಳುವುದಕ್ಕಲ್ಲ. ಪ್ರಾಜೆಕ್ಟ್ ಆಗಲಿ, ರಿಟೇನರ್ ಆಗಲಿ, ಹೊರಗೆ ಯಾವ ರೂಪದಲ್ಲಿ ದರ ಹೇಳಿದರೂ ಒಳಗೆ ಅಳೆಯುವುದು ಇದರಿಂದಲೇ.

ಬ್ರ್ಯಾಂಡ್‌ಮಾತು

ಮತ್ತೆ ಗಂಟೆಗೇ ಬಂದಿರಿ ಅಲ್ವಾ ಸರ್. ನಾನು ಒಂದೇ ದಿನದಲ್ಲಿ ಲೋಗೋ ಮುಗಿಸಿ 80,000 ತಗೊಂಡಿದ್ದೇನೆ. ನಿಮ್ಮ ಲೆಕ್ಕದಲ್ಲಿ ಅದು 8 ಗಂಟೆ, 7,200 ಆಗುತ್ತಿತ್ತು.

ಹಳೇಸ್ಟುಡಿಯೋ, ಬೆಂಗಳೂರು

80,000 ತಗೊಂಡಿದ್ದು ಸರಿ. ಕ್ಲೈಂಟ್‌ಗೆ ಅಷ್ಟು ಬೆಲೆ ಕಂಡಿದೆ, ಅಷ್ಟು ಕೊಟ್ಟಿದ್ದಾರೆ. ನೀವು ಹೇಳುವುದು ಎಷ್ಟರವರೆಗೆ ಕೇಳಬಹುದು ಅನ್ನುವುದನ್ನು. ನಾನು ಹೇಳುವುದು ಎಷ್ಟಕ್ಕಿಂತ ಕೆಳಗೆ ಒಪ್ಪಬಾರದು ಅನ್ನುವುದನ್ನು. ಒಬ್ಬರೇ ಇದ್ದಾಗ ಒಂದು ಕೆಲಸದಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ, ನಡೆದುಹೋಗುತ್ತದೆ. ತಿಂಗಳ ಮೊದಲ ದಿನ ಇಬ್ಬರ ಖಾತೆಗೆ 60,000 ಹಾಕಬೇಕಾದಾಗ ಆ ಕೆಳಗಿನ ಗೆರೆ ಗೊತ್ತಿರಲೇಬೇಕು.

ಇನ್ನೊಂದು ಮಾತು. ಸಣ್ಣ ಉಪ್ಪಿನಕಾಯಿ ಕಂಪನಿಯವರಿಗೆ ಪೌಚ್‌ನಿಂದ ಎಷ್ಟು ಮಾರಾಟ ಏರಿತು ಅಂತ ಅವರಿಗೇ ತಿಳಿದಿರುವುದಿಲ್ಲ. ಡಿಸೈನ್, ಅಂಗಡಿಯವರ ಕಮಿಷನ್, ರುಚಿ, ಬೆಲೆ ಎಲ್ಲ ಒಟ್ಟಿಗೇ ಬದಲಾಗಿರುತ್ತದೆ. ಅಳೆಯಲಾಗದ ಲಾಭದ ಮೇಲೆ ದರ ಕಟ್ಟಿದರೆ ಚೌಕಾಸಿಯಲ್ಲಿ ನಮ್ಮ ಕೈಯೇ ಸೋಲುತ್ತದೆ.

ಗೆರೆಬಣ್ಣ, ಮೈಸೂರು

ಗಂಟೆಗಳು ಸಿಕ್ಕವು. ರಿಟೇನರ್ ಕಂಪನಿಗೆ ಕಳೆದ ತಿಂಗಳು 78 ಗಂಟೆ ಹೋಗಿದೆ. 30 ಗಂಟೆ ಇರಬಹುದು ಅಂದುಕೊಂಡಿದ್ದೆ. ಪೋಸ್ಟ್‌ಗಳಿಗೆ ಹೋಗಿದ್ದು ಅರ್ಧ. ಉಳಿದದ್ದು ಸ್ಟಾಲ್ ಬ್ಯಾನರ್, ಡೀಲರ್‌ಗಳಿಗೆ ಬೆಲೆಪಟ್ಟಿ, ಮಾಲೀಕರ ಮಗಳ ಹುಟ್ಟುಹಬ್ಬದ ಕಾರ್ಡ್, ರಾತ್ರಿ ‘ಒಂದು ಸಣ್ಣ ಚೇಂಜ್’ ಅಂತ ಬಂದವು.

ಪೌಚ್ ಪ್ರಾಜೆಕ್ಟ್‌ಗೆ ಒಟ್ಟು 190 ಗಂಟೆ. ಶುರುವಿನಲ್ಲಿ 130 ಅಂತ ಅಂದಾಜು ಮಾಡಿದ್ದೆ. ಡಿಸೈನ್ ಹೆಚ್ಚುಕಡಿಮೆ ಅಂದಾಜಿನಷ್ಟೇ ಹಿಡಿಯಿತು. ಹೆಚ್ಚಾದ 60 ಗಂಟೆ ಬಹುತೇಕ ಪೂರ್ತಿ ಹಿಂಬದಿಯ ಅಕ್ಷರಗಳಿಗೆ ಹೋಗಿದೆ. ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ, ವಿಳಾಸ ಪದೇ ಪದೇ ಬದಲಾದವು. ಒಂದು ಬದಲಾದರೆ 12 ಫೈಲ್ ತೆರೆಯಬೇಕು.

ಹಳೇಸ್ಟುಡಿಯೋ, ಬೆಂಗಳೂರು

ಹಾಗಾದರೆ ರಿಟೇನರ್‌ನಿಂದ ನಿಮಗೆ ಗಂಟೆಗೆ 577 ಸಿಗುತ್ತಿದೆ. ಇಬ್ಬರನ್ನು ಇಟ್ಟುಕೊಂಡ ಮೇಲೆ ಅದೇ 78 ಗಂಟೆಯ ಅಸಲು 52,000. ತಿಂಗಳಿಗೆ 7,000 ನಷ್ಟ. ಅಂಥ ರಿಟೇನರ್ ಇನ್ನೂ ಎರಡು ಹಿಡಿದರೆ ನೆಮ್ಮದಿ ಬರುವುದಿಲ್ಲ, 21,000 ನಷ್ಟ ಬರುತ್ತದೆ. ನಿಮಗೆ ನಂಬಿಕೆ ಬರದಿದ್ದಕ್ಕೆ ಕಾರಣ ಇಲ್ಲೇ ಇದೆ.

ರಿಟೇನರ್ ಅನ್ನುವುದು ಕೆಟ್ಟದ್ದೇನಲ್ಲ. ಮೇಲಿನ ಮಿತಿ ಇಲ್ಲದ ರಿಟೇನರ್ ಕೆಟ್ಟದ್ದು. ಏನು ಒಳಗೆ, ಏನು ಹೊರಗೆ, ಎಷ್ಟರವರೆಗೆ ಅನ್ನುವ ಮೂರು ಸಾಲು ಕರಾರಿನಲ್ಲಿ ಇರಬೇಕು. ನಿಮ್ಮ ವಿಷಯದಲ್ಲಿ ಹೀಗೆ ಬರೆಯಬಹುದು: ತಿಂಗಳಿಗೆ 50 ಗಂಟೆಯವರೆಗೆ ಪೋಸ್ಟ್, ಬ್ಯಾನರ್, ಬೆಲೆಪಟ್ಟಿ. ಹೊಸ ಪ್ಯಾಕ್, ಹೊಸ ಲೋಗೋ, ವೆಬ್‌ಸೈಟ್ ಬಂದರೆ ಬೇರೆ ಕೊಟೇಶನ್. 50 ದಾಟಿದರೆ ಗಂಟೆಗೆ 1,100, ಮೊದಲೇ ಕೇಳಿ ಒಪ್ಪಿಗೆ ಪಡೆದು. ಕೋರಿಕೆಗಳೆಲ್ಲ ಒಬ್ಬರಿಂದಲೇ ಬರಬೇಕು. ಈ ಕೊನೆಯದು ಸಣ್ಣದಾಗಿ ಕಾಣುತ್ತದೆ, ಆದರೆ ಗಂಟೆ ಸೋರುವುದು ಇಲ್ಲೇ. ಮಾಲೀಕರು, ಸೇಲ್ಸ್ ಮ್ಯಾನೇಜರ್, ಮಾಲೀಕರ ತಮ್ಮ ಮೂವರೂ ವಾಟ್ಸಾಪ್‌ನಲ್ಲಿ ಕೆಲಸ ಹೇಳುತ್ತಾರೆ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ತಿರುಗಿಸುತ್ತಾರೆ.

ಪ್ರತಿ ತಿಂಗಳ 20ನೇ ತಾರೀಕಿಗೆ ‘ಇಲ್ಲಿಯವರೆಗೆ 36 ಗಂಟೆ ಆಗಿದೆ, ಇನ್ನು 14 ಇದೆ’ ಅಂತ ಒಂದು ಸಾಲು ಕಳಿಸಿ. ತಿಂಗಳ ಕೊನೆಗೆ ಹೇಳಿದರೆ ಜಗಳ ಆಗುತ್ತದೆ. ಮುಂಚೆ ಹೇಳಿದರೆ ಯಾವುದು ತುರ್ತು ಅಂತ ಅವರೇ ಆರಿಸಿಕೊಳ್ಳುತ್ತಾರೆ.

ಪ್ರೆಸ್‌ಮನೆ, ದಾವಣಗೆರೆ

ಪೌಚ್ ವಿಷಯ ಬಂತು ಅಂತ ಬರೀತಿದೀನಿ. ನಾವು ಪ್ರಿಂಟಿಂಗ್ ಕಡೆಯವರು. ಮೊದಲೇ ಹೇಳ್ತೀನಿ, ನಮ್ಮ ಕಡೆ ಎಷ್ಟೋ ಪ್ರೆಸ್‌ಗಳಲ್ಲಿ ಪ್ರಿಂಟ್ ಆರ್ಡರ್ ಕೊಟ್ಟರೆ ಡಿಸೈನ್‌ಗೆ ಬೇರೆ ದುಡ್ಡು ತಗೊಳ್ಳಲ್ಲ. ಗಿರಾಕಿ ಅದನ್ನೇ ಹೋಲಿಸಿ ಕೇಳ್ತಾನೆ. ಹಾಗಾಗಿ ಡಿಸೈನ್‌ಗೆ ಯಾಕೆ ದುಡ್ಡು ಅಂತ ನೀವು ಹೇಳಬೇಕಾಗುತ್ತೆ.

ಗ್ರೇವ್ಯೂರ್‌ನಲ್ಲಿ ಪ್ರಿಂಟ್ ಆಗೋ ಪೌಚ್‌ಗೆ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಬೇಕು. ಆರು ಬಣ್ಣ ಅಂದರೆ ಆರು ಸಿಲಿಂಡರ್. ಕೆತ್ತಿದ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್‌ನ 14 ಅಂಕಿಯಲ್ಲಿ ಒಂದು ತಪ್ಪಿದೆ ಅಂದರೆ ಆ ಅಕ್ಷರ ಯಾವ ಯಾವ ಬಣ್ಣದಲ್ಲಿದೆಯೋ ಅಷ್ಟು ಸಿಲಿಂಡರ್ ಮತ್ತೆ ಮಾಡಿಸಬೇಕು. ಅದಕ್ಕೆ ಅನುಭವ ಇರೋ ಡಿಸೈನರ್ ಹಿಂಬದಿಯ ಕಾನೂನು ಅಕ್ಷರಗಳನ್ನೆಲ್ಲ ಬರೀ ಕಪ್ಪಿನಲ್ಲೇ ಇಡ್ತಾರೆ. ತಪ್ಪಾದರೂ ಒಂದೇ ಸಿಲಿಂಡರ್ ಹೋಗುತ್ತೆ. ನಾಲ್ಕು ಬಣ್ಣ ಬೆರೆಸಿದ ಕಪ್ಪಲ್ಲಿ ಸಣ್ಣ ಅಕ್ಷರ ಹಾಕಿದರೆ ಅಂಚು ಮಸುಕಾಗುತ್ತೆ, ತಪ್ಪಾದರೆ ನಾಲ್ಕೂ ಹೋಗುತ್ತೆ. ಬ್ಯಾಚ್ ನಂಬರ್, ತಾರೀಕು, ಎಂಆರ್‌ಪಿ ಆಮೇಲೆ ಕೋಡಿಂಗ್ ಮಿಷನ್‌ನಲ್ಲಿ ಬೀಳೋದರಿಂದ ಅದಕ್ಕೆ ಖಾಲಿ ಜಾಗ ಬಿಟ್ಟಿರಬೇಕು.

ಈ ಜವಾಬ್ದಾರಿ ಯಾರದು ಅಂತ ನಿಮ್ಮ ಕೊಟೇಶನ್‌ನಲ್ಲಿ ಇದೆಯಾ ಮೇಡಂ? ಸಿಲಿಂಡರ್ ದುಡ್ಡು ಡಿಸೈನರ್ ಮೇಲೆ ಬಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಅವರು ತಗೊಂಡ ಫೀಸ್‌ಗಿಂತ ಅದೇ ಜಾಸ್ತಿ ಆಗಿತ್ತು.

ಗೆರೆಬಣ್ಣ, ಮೈಸೂರು

ಅಕ್ಷರ ಎಲ್ಲ ಕಪ್ಪಿನಲ್ಲೇ ಇಡುತ್ತೇನೆ ಸರ್. ಆದರೆ ಜವಾಬ್ದಾರಿಯ ಸಾಲು ಕೊಟೇಶನ್‌ನಲ್ಲಿ ಇಲ್ಲ. ಅದನ್ನು ಸೇರಿಸುತ್ತೇನೆ. ‘ಹಿಂಬದಿಯ ಅಕ್ಷರ ಕ್ಲೈಂಟ್ ಕೊಟ್ಟಿದ್ದು, ಓದಿ ಸಹಿ ಹಾಕಿದ್ದು’ ಅಂತ ಇದ್ದರೆ ಸಾಕಾ?

ಪ್ರೆಸ್‌ಮನೆ, ದಾವಣಗೆರೆ

ಸಾಕು. ಆದರೆ ಸಹಿ ಪಿಡಿಎಫ್ ಪ್ರಿಂಟ್ ಮೇಲೇ ಬರಲಿ, ಒಂದೊಂದು ಪೌಚ್‌ಗೂ ಬೇರೆ ಬೇರೆ. ವಾಟ್ಸಾಪ್‌ನಲ್ಲಿ ‘ಓಕೆ’ ಅಂದಿದ್ದು ಯಾವ ಫೈಲ್‌ಗೆ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಹಳೇಸ್ಟುಡಿಯೋ, ಬೆಂಗಳೂರು

ಈ ಸಹಿಯನ್ನೇ ದರದ ಗೆರೆಯಾಗಿ ಬಳಸಿ. 12 ಪೌಚ್‌ಗೆ ಒಂದೇ ಮೊತ್ತ ಹೇಳಬೇಡಿ, ಹಂತಗಳಾಗಿ ಒಡೆಯಿರಿ. ನಿಮ್ಮ 130 ಗಂಟೆಯ ಅಂದಾಜನ್ನೇ ತಗೊಳ್ಳೋಣ. ಒಟ್ಟು ನೋಟ ಹೇಗಿರಬೇಕು ಅಂತ ನಿರ್ಧರಿಸಲು 30 ಗಂಟೆ, 27,000. ಮೊದಲ ಪೌಚ್ ಪೂರ್ತಿ ಮುಗಿಸಲು 30 ಗಂಟೆ, 27,000. ಉಳಿದ 11 ಪೌಚ್‌ಗೆ ತಲಾ 5 ಗಂಟೆ, ಒಂದಕ್ಕೆ 4,500 ಅಂದರೆ 49,500. ಪ್ರಿಂಟ್ ಫೈಲ್, ಪ್ರೂಫ್ ನೋಡುವುದಕ್ಕೆ 15 ಗಂಟೆ, 13,500. ಒಟ್ಟು 1,17,000. ನೀವು ತಗೊಂಡ 1,20,000ರ ಹತ್ತಿರವೇ ಬಂತು. ಅಂದರೆ ನೀವು ಹೇಳಿದ ದರ ತಪ್ಪಿರಲಿಲ್ಲ. 60 ಗಂಟೆ ಹೊರಗಿನಿಂದ ಬಂದು ಸೇರಿದ್ದನ್ನು ತಡೆಯುವ ಬೇಲಿ ಇರಲಿಲ್ಲ. 190 ಗಂಟೆಗೆ 667ರಂತೆ ಅಸಲೇ 1,26,730 ಆಗುತ್ತದೆ.

ಅಕ್ಷರ ಪೂರ್ತಿ ಕೈಗೆ ಬರುವವರೆಗೆ ಮೂರನೇ ಹಂತ ಶುರು ಮಾಡಬೇಡಿ. ಸಹಿ ಆದಮೇಲೆ ಬದಲಾವಣೆ ಬಂದರೆ ಒಂದು ಪೌಚ್‌ಗೆ ಇಷ್ಟು ಅಂತ ಬರೆದಿಡಿ. ನಾವು ಒಂದು ಗಂಟೆಯ ದರ ಹಾಕುತ್ತೇವೆ. ವಿಳಾಸ ಬದಲಾಯಿಸಿದರೆ 12 ಪೌಚ್‌ಗೆ 10,800 ಅಂತ ಕಾಗದದ ಮೇಲೆ ಕಂಡಾಗ, ಎಲ್ಲ ಬದಲಾವಣೆಗಳನ್ನೂ ಒಟ್ಟು ಮಾಡಿ ಒಂದೇ ಸಲ ಕಳಿಸುತ್ತಾರೆ. ಆ ಸಾಲಿನಿಂದ ನಮಗೆ ಹಣ ಬಂದದ್ದು ಕಡಿಮೆ, ಉಳಿದ ಹೊತ್ತು ಜಾಸ್ತಿ.

ಹಣದ ಕಂತು ಕೂಡ ಹಂತಕ್ಕೇ ಕಟ್ಟಿರಲಿ. ನಮ್ಮಲ್ಲಿ 40 ಪರ್ಸೆಂಟ್ ಶುರುವಿಗೆ, 30 ಮೊದಲ ಪೌಚ್ ಒಪ್ಪಿದ ಮೇಲೆ, 30 ಪ್ರಿಂಟ್ ಫೈಲ್ ಕೈಬಿಡುವ ಮುಂಚೆ. ‘ಪ್ರಿಂಟ್ ಆದಮೇಲೆ’ ಅಂತ ಬರೆದರೆ ಅವರ ಲಾಂಚ್ ಆರು ತಿಂಗಳು ಮುಂದೆ ಹೋದಾಗ ನಿಮ್ಮ ಹಣವೂ ಅದರ ಜೊತೆ ಮುಂದೆ ಹೋಗುತ್ತದೆ.

ಲೆಕ್ಕಪುಸ್ತಕ, ಹುಬ್ಬಳ್ಳಿ

ನಾನು ಸಣ್ಣ ಸಂಸ್ಥೆಗಳ ಲೆಕ್ಕ ನೋಡುವವಳು. ಇಷ್ಟು ಹೊತ್ತು ಯಾರೂ ಜಿಎಸ್‌ಟಿ ಮಾತೇ ಎತ್ತಿಲ್ಲ ನೋಡ್ರಿ. ತಿಂಗಳಿಗೆ ಖರ್ಚೇ 1,80,000 ಅಂದರೆ ವರ್ಷಕ್ಕೆ 21,60,000. ಖರ್ಚು ಹುಟ್ಟಬೇಕಾದರೂ ವಹಿವಾಟು 20 ಲಕ್ಷ ದಾಟಲೇಬೇಕು. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ನೋಂದಣಿಯ ಮಿತಿ ಅದೇ. ವಿದೇಶದ ಬಿಲ್ ಕೂಡ ಆ ವಹಿವಾಟಿನಲ್ಲಿ ಸೇರುತ್ತದೆ.

ಈಗ ನಿಮ್ಮ ರಿಟೇನರ್ ಕರಾರಿನಲ್ಲಿ ‘45,000, ಜಿಎಸ್‌ಟಿ ಪ್ರತ್ಯೇಕ’ ಅಂತ ಇದೆಯೋ, ಬರೀ 45,000 ಅಂತ ಇದೆಯೋ? ಬರೀ 45,000 ಅಂತಿದ್ದು ಕ್ಲೈಂಟ್ ಅಷ್ಟೇ ಕೊಡುತ್ತೇನೆ ಅಂತ ಪಟ್ಟು ಹಿಡಿದರೆ, ಅದರೊಳಗಿಂದಲೇ 18 ಪರ್ಸೆಂಟ್ ಹೋಗುತ್ತದೆ. ನಿಮಗೆ ಉಳಿಯುವುದು 38,136. ತಿಂಗಳಿಗೆ 6,864 ಸುಮ್ನೆ ಕರಗಿತು.

ಕ್ಲೈಂಟ್ ತಾನೂ ನೋಂದಣಿ ಆಗಿದ್ದರೆ ಸಾಮಾನ್ಯವಾಗಿ ಆ ತೆರಿಗೆಯನ್ನು ಇನ್‌ಪುಟ್ ಆಗಿ ಹಿಂದೆ ಪಡೆಯುತ್ತಾನೆ, ಅವನಿಗೆ ಭಾರ ಇಲ್ಲ. ನೋಂದಣಿ ಇಲ್ಲದ ಸಣ್ಣ ಕ್ಲೈಂಟ್‌ಗೆ ಮಾತ್ರ ನಿಮ್ಮ ದರ ಒಂದೇ ದಿನದಲ್ಲಿ 18 ಪರ್ಸೆಂಟ್ ಏರಿದ ಹಾಗೆ. ನಿಮ್ಮ ಕ್ಲೈಂಟ್‌ಗಳಲ್ಲಿ ಯಾರು ಯಾವ ಗುಂಪು ಅಂತ ಈಗಲೇ ಪಟ್ಟಿ ಮಾಡಿಕೊಳ್ಳಿ.

ಬ್ರ್ಯಾಂಡ್‌ಮಾತು

ಬೇರೆ ರಾಜ್ಯದ ಒಬ್ಬ ಕ್ಲೈಂಟ್ ಇದ್ದರೂ 20 ಲಕ್ಷ ನೋಡದೆ ಮೊದಲ ರೂಪಾಯಿಯಿಂದಲೇ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ವಾ? ನನಗೆ ಹಾಗೇ ಹೇಳಿದ್ದರು.

ಲೆಕ್ಕಪುಸ್ತಕ, ಹುಬ್ಬಳ್ಳಿ

ಅದು ಸರಕು ಮಾರುವವರ ನಿಯಮ. ಸೇವೆ ಕೊಡುವವರಿಗೆ 2017ರಲ್ಲೇ ವಿನಾಯಿತಿ ಬಂದಿದೆ. 20 ಲಕ್ಷದವರೆಗೆ ಬೇರೆ ರಾಜ್ಯಕ್ಕೆ ಕೆಲಸ ಮಾಡಿಕೊಟ್ಟರೂ ನೋಂದಣಿ ಕಡ್ಡಾಯ ಇಲ್ಲ.

ಕೈಗೆ ಹಣ ಬರುವ ಬಗ್ಗೆ ಇನ್ನೆರಡು ಮಾತು. ಕಂಪನಿಗಳು ಪ್ರೊಫೆಷನಲ್ ಫೀಸ್ ಅಂತ ಕೊಡುವಾಗ ಸಾಮಾನ್ಯವಾಗಿ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತವೆ. 1,20,000ರಲ್ಲಿ 12,000 ಈಗ ಬರುವುದಿಲ್ಲ. ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದುತ್ತದೆ, ನಷ್ಟ ಅಲ್ಲ. ಆದರೆ ಸಂಬಳ ಈ ತಿಂಗಳು ಕೊಡಬೇಕಲ್ಲ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ಸಾಲಿನಲ್ಲಿ ತೋರಿಸಿ, ಆಗ ಟಿಡಿಎಸ್ ನಿಮ್ಮ ಫೀಸ್ ಮೇಲೆ ಮಾತ್ರ ಬೀಳುತ್ತದೆ.

ಉದ್ಯಮ್ ನೋಂದಣಿಯನ್ನು ಇವತ್ತೇ ಮಾಡಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಸಂಸ್ಥೆಗೆ ಲಿಖಿತ ಕರಾರು ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2023ರ ಬಜೆಟ್‌ನಲ್ಲಿ ಇದಕ್ಕೆ ಬಲ ಬಂತು. ಆ ಗಡುವಿನೊಳಗೆ ಕೊಡದಿದ್ದರೆ, ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚು ಅಂತ ತೋರಿಸಲು ಅವರಿಗೆ ಸಾಧ್ಯ. ಮಾರ್ಚ್ ಹತ್ತಿರ ಬಂದಾಗ ಅವರ ಆಡಿಟರ್‌ಗಳೇ ನಿಮ್ಮ ಉದ್ಯಮ್ ನಂಬರ್ ಕೇಳಿಕೊಂಡು ಫೋನ್ ಮಾಡುತ್ತಾರೆ. ಬಿಲ್ ಮೇಲೆ ಆ ನಂಬರ್ ಹಾಕಿಡಿ.

ಡಬ್ಲಿನ್ ಕನ್ನಡಿಗ

ನಾನು ಇನ್ನೊಂದು ಬದಿಯಲ್ಲಿ ಇರುವವನು, ಕಂಪನಿಯಲ್ಲಿ ಹೊರಗಿನ ಡಿಸೈನ್ ಕೆಲಸ ಕೊಡುವವನು. ಗೆರೆಬಣ್ಣ ಅವರ 20 ಡಾಲರ್ ವಿಷಯ ಯಾರೂ ಮುಟ್ಟಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಾವು ಗಂಟೆ ದರಕ್ಕೆ ಒಪ್ಪುವುದು ಎರಡು ಸಂದರ್ಭದಲ್ಲಿ. ಕೆಲಸ ಎಷ್ಟು ಅಂತ ನಮಗೇ ಗೊತ್ತಿಲ್ಲದಾಗ, ಇಲ್ಲವೇ ಒಬ್ಬ ನಿರ್ದಿಷ್ಟ ವ್ಯಕ್ತಿಯ ಕೈ ನಮಗೆ ಬೇಕಾದಾಗ. ನಿಮ್ಮದು ಎರಡನೆಯದು ಅನಿಸುತ್ತದೆ. ಅವರು ನಿಮ್ಮನ್ನು ಕೊಂಡಿದ್ದಾರೆ, ಸ್ಟುಡಿಯೋವನ್ನಲ್ಲ. ನಾಳೆ ಆ ಕೆಲಸ ಹೊಸ ಹುಡುಗರಿಗೆ ಕೊಟ್ಟು ಅದೇ ದರ ಹಾಕಿದರೆ, ಮೊದಲ ಫೈಲ್‌ನಲ್ಲೇ ನಮಗೆ ವ್ಯತ್ಯಾಸ ಕಾಣುತ್ತದೆ. ಯಾರು ಮಾಡುತ್ತಾರೆ ಅಂತ ಮುಂಚೆಯೇ ಹೇಳಿ. ಅವರು ಮಾಡಿದ್ದನ್ನು ನೀವು ನೋಡಿ ಕಳಿಸುತ್ತೀರಿ ಅಂತಲೂ ಹೇಳಿ.

ಇನ್ನೊಂದು ವಿಷಯ. ದೊಡ್ಡ ಕಂಪನಿಯ ಫೈನಾನ್ಸ್‌ನವರಿಗೆ ಪ್ರತಿ ತಿಂಗಳು ಬದಲಾಗುವ ಬಿಲ್ ಇಷ್ಟವಿಲ್ಲ. ‘ಮೂರು ತಿಂಗಳಿಗೆ 75 ಗಂಟೆ, ಮುಂಗಡ’ ಅಂತ ಒಂದು ಕಟ್ಟು ಮಾಡಿ ಕೊಟ್ಟರೆ ಒಂದೇ ಪರ್ಚೇಸ್ ಆರ್ಡರ್‌ನಲ್ಲಿ ಮುಗಿಯುತ್ತದೆ. ನಾವು ಅದಕ್ಕೆ ಖುಷಿಯಿಂದ ಒಪ್ಪುತ್ತೇವೆ. 10 ಗಂಟೆಯ ತಿಂಗಳು, 40 ಗಂಟೆಯ ತಿಂಗಳು ಅನ್ನುವ ಏರಿಳಿತವೂ ನಿಮಗೆ ತಪ್ಪುತ್ತದೆ.

ಲೆಕ್ಕಪುಸ್ತಕ, ಹುಬ್ಬಳ್ಳಿ

ಅದಕ್ಕೆ ಒಂದು ಸೇರಿಸುತ್ತೇನೆ. ನೋಂದಣಿ ಆದಮೇಲೆ ವಿದೇಶದ ಬಿಲ್‌ಗೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿದರೆ ಜಿಎಸ್‌ಟಿ ಕಟ್ಟದೆ ಕಳಿಸಬಹುದು. ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಹಾಕಬೇಕು, ಎಷ್ಟೋ ಜನ ಏಪ್ರಿಲ್‌ನಲ್ಲಿ ಮರೆಯುತ್ತಾರೆ.

ಹೊಸಕುಂಚ, ತುಮಕೂರು

ಒಂದು ಪ್ರಶ್ನೆ. ಈ 50 ಗಂಟೆಯಲ್ಲಿ ಕ್ಲೈಂಟ್ 30 ಮಾತ್ರ ಬಳಸಿದರೆ ಉಳಿದ 20 ಮುಂದಿನ ತಿಂಗಳಿಗೆ ಹೋಗುತ್ತಾ?

ಹಳೇಸ್ಟುಡಿಯೋ, ಬೆಂಗಳೂರು

ನಾವು ಕೊಡುವುದಿಲ್ಲ. ಆ 50 ಗಂಟೆಗೆ ಒಬ್ಬರನ್ನು ಕಾಯ್ದಿರಿಸಿ ಕೂರಿಸಿರುತ್ತೇವೆ. ಅವರ ಸಂಬಳ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಹೀಗೆ ಮೂರು ತಿಂಗಳ 20 ಸೇರಿ ನಾಲ್ಕನೇ ತಿಂಗಳು ಒಟ್ಟಿಗೆ 110 ಗಂಟೆ ಕೇಳಿದರೆ ಬೇರೆ ಕ್ಲೈಂಟ್‌ಗಳ ಕೆಲಸ ನಿಲ್ಲುತ್ತದೆ.

ಡಬ್ಲಿನ್ ಕನ್ನಡಿಗ

ಇದನ್ನು ನಾನು ಒಪ್ಪುವುದಿಲ್ಲ ಸರ್. ಕೊಳ್ಳುವವನ ಜಾಗದಲ್ಲಿ ನಿಂತು ನೋಡಿ. ಎರಡು ತಿಂಗಳು ಸತತವಾಗಿ ಗಂಟೆ ಹಾಳಾದರೆ ಮೂರನೇ ತಿಂಗಳು ನಾನು ರಿಟೇನರ್ ನಿಲ್ಲಿಸುತ್ತೇನೆ. 10 ಗಂಟೆಯಾದರೂ ಒಂದೇ ತಿಂಗಳ ಮಟ್ಟಿಗೆ ಮುಂದೆ ಹೋಗಲಿ ಅಂದರೆ ಇಬ್ಬರಿಗೂ ಸಹನೀಯ.

ಹಳೇಸ್ಟುಡಿಯೋ, ಬೆಂಗಳೂರು

ಗಂಟೆ ಉಳಿಯುತ್ತಿದ್ದರೆ ನಾವು ಕಟ್ಟನ್ನೇ ಚಿಕ್ಕದು ಮಾಡುತ್ತೇವೆ, 50ರಿಂದ 35ಕ್ಕೆ. ನಿಮ್ಮದೂ ಒಂದು ದಾರಿ, ಇಲ್ಲ ಅನ್ನುವುದಿಲ್ಲ. ಎಂಟು ಜನರ ಸ್ಟುಡಿಯೋದಲ್ಲಿ 10 ಗಂಟೆ ಹೊಂದಿಸಬಹುದು. ಮೂವರಿರುವಾಗ ಕಷ್ಟ.

ಗೆರೆಬಣ್ಣ, ಮೈಸೂರು

ನಿನ್ನೆ ಎರಡು ಕೆಲಸ ಮಾಡಿದೆ. ಮೊದಲನೆಯದು, ಇಬ್ಬರ ಬದಲು ಒಬ್ಬರನ್ನು ಇಟ್ಟುಕೊಂಡರೆ ಅಂತ ಲೆಕ್ಕ ಹಾಕಿದೆ. 35,000 ಸಂಬಳದವರೊಬ್ಬರು, ಆಫೀಸ್ ಬೇಡ, ಮನೆಯ ಮಹಡಿ ಕೋಣೆ ಸಾಕು. ತಿಂಗಳ ಖರ್ಚು 1,38,000. ನಾನು 70 ಗಂಟೆ ಮಾಡುತ್ತೇನೆ, ಅವರು 110. ಗಂಟೆಯ ಅಸಲು 767 ಆಗುತ್ತದೆ. ಇಬ್ಬರಿದ್ದಾಗಿನ 667ಕ್ಕಿಂತ ಜಾಸ್ತಿ. ಆದರೆ ಕೆಲಸ ಕಡಿಮೆಯಾದ ತಿಂಗಳು ನಾನು ಹುಡುಕಬೇಕಾದ ಮೊತ್ತ 42,000 ಕಡಿಮೆ. ಮೊದಲ ಮೂರು ತಿಂಗಳ ಭಾರವನ್ನು ನನ್ನ ಉಳಿತಾಯ ತಡೆಯುವುದು ಇದರಲ್ಲಿ ಮಾತ್ರ. ಹಾಗಾಗಿ ಸದ್ಯಕ್ಕೆ ಒಬ್ಬರೇ.

ಎರಡನೆಯದು, ಮಸಾಲೆ ಕಂಪನಿಯ ಮಾಲೀಕರ ಹತ್ತಿರ ಕೂತು ಮಾತಾಡಿದೆ. 78 ಗಂಟೆಯ ಪಟ್ಟಿ ಮುಂದಿಟ್ಟೆ. 55 ಗಂಟೆಗೆ 52,000, ಜಿಎಸ್‌ಟಿ ಪ್ರತ್ಯೇಕ ಅಂದೆ. ಅವರದು ನೋಂದಣಿ ಇರುವ ಕಂಪನಿ. ಕೋಪ ಮಾಡಿಕೊಳ್ಳಲಿಲ್ಲ. ಪಟ್ಟಿಯಲ್ಲಿ ತಮ್ಮನ ಕೋರಿಕೆಗಳೇ 19 ಗಂಟೆ ಇದ್ದದ್ದು ನೋಡಿ ಅವರಿಗೇ ಆಶ್ಚರ್ಯವಾಯಿತು. ಕೋರಿಕೆ ಸೇಲ್ಸ್ ಮ್ಯಾನೇಜರ್ ಮೂಲಕ ಮಾತ್ರ ಅಂತ ಒಪ್ಪಿದರು. ದರಕ್ಕೂ ಒಪ್ಪುವ ಹಾಗೆ ಕಾಣುತ್ತದೆ. ಆದರೆ ಒಂದು ಷರತ್ತು ಹಾಕಿದ್ದಾರೆ: ದಸರಾದಿಂದ ದೀಪಾವಳಿವರೆಗೆ ಭಾನುವಾರವೂ ಕೆಲಸಕ್ಕೆ ಸಿಗಬೇಕು, ಅದು 55ರೊಳಗೇ ಇರಬೇಕು. ಇದಕ್ಕೆ ಏನು ಹೇಳಲಿ?

ಹಳೇಸ್ಟುಡಿಯೋ, ಬೆಂಗಳೂರು

ಭಾನುವಾರದ ಒಂದು ಗಂಟೆಯನ್ನು ಒಂದೂವರೆ ಗಂಟೆ ಅಂತ ಎಣಿಸಿ, 55ರಿಂದಲೇ ಕಳೆಯಿರಿ. ಅವರ ಷರತ್ತು ಉಳಿಯುತ್ತದೆ, ಮೊತ್ತವೂ ಬದಲಾಗುವುದಿಲ್ಲ. ಕೆಲಸಕ್ಕೆ ಬರುವವರಿಗೂ ಆ ಒಂದೂವರೆ ಪಟ್ಟು ಸಿಗಬೇಕು.

ಪ್ರೆಸ್‌ಮನೆ, ದಾವಣಗೆರೆ

ದಸರಾ ಟೈಮಲ್ಲಿ ಪ್ರಿಂಟ್ ಇದ್ದರೆ ಫೈಲ್ ಆಗಸ್ಟ್‌ನಲ್ಲೇ ಕಳಿಸೋಕೆ ಹೇಳಿ ಮೇಡಂ. ಹಬ್ಬದ ಹತ್ತಿರ ಸಿಲಿಂಡರ್ ಮಾಡೋರ ಹತ್ತಿರ ಕ್ಯೂ ಇರುತ್ತೆ. ನೀವು ಭಾನುವಾರ ಕೂತು ಮುಗಿಸಿದರೂ ಫೈಲ್ ಅಲ್ಲಿ ವಾರಗಟ್ಟಲೆ ಕಾಯುತ್ತೆ. ಅವರ ಬರೀ ಪೋಸ್ಟ್‌ಗಳಾದರೆ ಬೇರೆ ಮಾತು.

ಗೆರೆಬಣ್ಣ, ಮೈಸೂರು

ಹೆಚ್ಚಿನವು ಪೋಸ್ಟ್, ಗಿಫ್ಟ್ ಬಾಕ್ಸ್ ಸ್ಲೀವ್ ಎರಡು ಇವೆ. ಸ್ಲೀವ್‌ಗೆ ಆಗಸ್ಟ್ ಗಡುವು ಅಂತ ಕರಾರಿನಲ್ಲೇ ಬರೆಯುತ್ತೇನೆ. ಭಾನುವಾರದ ಒಂದೂವರೆಯ ಮಾತನ್ನು ಸೋಮವಾರ ಅವರ ಮುಂದಿಡುತ್ತೇನೆ. ಯಾರಾದರೂ ಹೀಗೆ ಬರೆದ ಕರಾರಿನ ಸಾಲುಗಳಿದ್ದರೆ, ಹೆಸರು ತೆಗೆದು ಇಲ್ಲಿ ಹಾಕಿ.